ಸಿ.ಎ. ಆರ್ಟಿಕಲ್‌ಶಿಪ್‌ಗೆ ಅರ್ಜಿ ಪತ್ರ: ಏನು ಬರೆಯಬೇಕು, ಯಾವಾಗ ಬರೆಯಬೇಕು

ಗಿಣಿಗೇರಾ, ಕೊಪ್ಪಳ, ಗಂಗಾವತಿ ಕಡೆ ಬಿ.ಕಾಂ. ಮುಗಿಸಿ ಸಿ.ಎ. ಓದುತ್ತಿರುವವರು ಒಂದು ಹಂತಕ್ಕೆ ಬಂದಾಗ ಆಡಿಟರ್ ಕಚೇರಿಯ ಬಾಗಿಲು ತಟ್ಟಲೇಬೇಕು. ಸಿ.ಎ. ಒಬ್ಬರ ಕೈಕೆಳಗೆ ನಿಗದಿತ ಅವಧಿ ಕೆಲಸ ಕಲಿಯುವುದಕ್ಕೆ ಆರ್ಟಿಕಲ್‌ಶಿಪ್ ಎನ್ನುತ್ತಾರೆ. ಕಲಿಸುವ ಸಿ.ಎ.ಗೆ ಪ್ರಿನ್ಸಿಪಾಲ್ ಎಂದು ಹೆಸರು. ಈ ತರಬೇತಿ ಮುಗಿಯದೆ ಫೈನಲ್ ಪರೀಕ್ಷೆಗೆ ಕೂರಲು ಬರುವುದಿಲ್ಲ. ಪ್ರಿನ್ಸಿಪಾಲರಿಗೆ ತಮ್ಮ ಕಚೇರಿಗೆ ಸೇರಿಸಿಕೊಳ್ಳಿ ಎಂದು ಕೇಳುವ ಪತ್ರದ ಬಗ್ಗೆ ಈ ಲೇಖನ.

ಪತ್ರ ಬರೆಯುವ ಮೊದಲು ನೀವು ಎಲ್ಲಿ ನಿಂತಿದ್ದೀರಿ ಎಂದು ನೋಡಿಕೊಳ್ಳಿ. ಬಿ.ಕಾಂ.ನಲ್ಲಿ ಶೇ. 55 ಅಂಕ ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಇಂಟರ್‌ನಲ್ಲಿ ಎರಡು ಗ್ರೂಪ್, ಒಂದೊಂದರಲ್ಲಿ ಮೂರು ಪೇಪರ್. ಗ್ರೂಪ್ ಪಾಸಾಗಲು ಪ್ರತಿ ಪೇಪರಿನಲ್ಲೂ 40 ಅಂಕ, ಒಟ್ಟಾರೆ ಶೇ. 50 ಬೇಕು.

ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಹಿಂದೆ ಒಂದು ಗ್ರೂಪ್ ಪಾಸಾದವರೂ ಆರ್ಟಿಕಲ್‌ಶಿಪ್ ಸೇರುತ್ತಿದ್ದರು. ನಿಮ್ಮ ಅಣ್ಣನೋ ಸೀನಿಯರೋ ಹಾಗೆ ಸೇರಿರಬಹುದು. 2023ರ ಜುಲೈ 1ರಿಂದ ಐಸಿಎಐ, ಅಂದರೆ ಸಿ.ಎ.ಗಳ ರಾಷ್ಟ್ರೀಯ ಸಂಸ್ಥೆ, ನಿಯಮ ಬದಲಿಸಿತು. ಈಗ ಇಂಟರ್‌ನ ಎರಡೂ ಗ್ರೂಪ್ ಪಾಸಾಗಿರಬೇಕು. ಐಸಿಐಟಿಎಸ್‌ಎಸ್ ಎಂಬ ಕಂಪ್ಯೂಟರ್ ಮತ್ತು ಓರಿಯೆಂಟೇಶನ್ ತರಬೇತಿಯೂ ಮುಗಿದಿರಬೇಕು. ಅದರ ಬದಲಿಗೆ ಆರ್ಟಿಕಲ್‌ಶಿಪ್ ಅವಧಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ.

ಆದ್ದರಿಂದ ಪತ್ರದಲ್ಲಿ "ಸಿ.ಎ. ಪರೀಕ್ಷೆ ಭಾಗಶಃ ಪಾಸಾಗಿದ್ದೇನೆ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಎರಡೂ ಗ್ರೂಪ್ ಮುಗಿದು ಫೈನಲ್ ಮಾತ್ರ ಉಳಿದಿದೆಯೇ? ಅಥವಾ ಒಂದು ಗ್ರೂಪ್ ಇನ್ನೂ ಬಾಕಿ ಇದೆಯೇ? ಮೊದಲನೆಯವರನ್ನು ಅವರು ಈಗಲೇ ಸೇರಿಸಿಕೊಳ್ಳಬಹುದು. ಎರಡನೆಯವರನ್ನು ಮನಸ್ಸಿದ್ದರೂ ಸೇರಿಸಿಕೊಳ್ಳಲು ಬರುವುದಿಲ್ಲ. ಈ ಉತ್ತರ ಪತ್ರದ ಮೊದಲ ಪ್ಯಾರಾದಲ್ಲೇ ಸಿಗಬೇಕು.

ಒಂದು ಉದಾಹರಣೆ ನೋಡೋಣ. ಗಿಣಿಗೇರಾದ ಒಬ್ಬ ಹುಡುಗಿ ಎರಡೂ ಗ್ರೂಪ್ ಪಾಸಾಗಿ ಹೊಸಪೇಟೆಯ ಒಂದು ಸಂಸ್ಥೆಗೆ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಇಂಥ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದೇ ಹೆಚ್ಚು. ಆದರೆ ಒಳಗೆ ಇರಬೇಕಾದ ವಿಷಯ ಹೀಗಿರಲಿ:

"ಮಾನ್ಯರೇ, ತಮ್ಮ ಸಂಸ್ಥೆಯಲ್ಲಿ ಎರಡು ವರ್ಷದ ಆರ್ಟಿಕಲ್‌ಶಿಪ್‌ಗೆ ಅವಕಾಶ ಕೋರಿ ಈ ಪತ್ರ. ನಾನು ಬಿ.ಕಾಂ. ಪದವೀಧರೆ. ಇಂಟರ್‌ಮೀಡಿಯೆಟ್ ಗ್ರೂಪ್ 1ನ್ನು 2025ರ ಮೇನಲ್ಲಿ, ಗ್ರೂಪ್ 2ನ್ನು 2025ರ ಸೆಪ್ಟೆಂಬರಿನಲ್ಲಿ ಪಾಸು ಮಾಡಿದ್ದೇನೆ. ಐಸಿಐಟಿಎಸ್‌ಎಸ್‌ನ ಎರಡೂ ಭಾಗ ಮುಗಿದಿವೆ. ಅಂಕಪಟ್ಟಿ ಮತ್ತು ಪ್ರಮಾಣಪತ್ರ ಲಗತ್ತಿಸಿದ್ದೇನೆ. ಜನವರಿ ಮೊದಲ ವಾರದಿಂದ ಸೇರಬಲ್ಲೆ.

"ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಆರು ತಿಂಗಳು ಲೆಕ್ಕ ಬರೆದಿದ್ದೇನೆ. ಭತ್ತದ ಆವಕ, ಅಕ್ಕಿ, ನುಚ್ಚು ಮತ್ತು ತೌಡಿನ ಸ್ಟಾಕ್ ರಿಜಿಸ್ಟರನ್ನು ತಿಂಗಳ ಕೊನೆಗೆ ಟ್ಯಾಲಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸವಾಗಿತ್ತು. ಗಿಣಿಗೇರಾದಿಂದ ದಿನಾಲು ಹೊಸಪೇಟೆಗೆ ಓಡಾಡಬಲ್ಲೆ. ಆಡಿಟ್‌ಗೆ ಬೇರೆ ಊರಿಗೆ ಹೋಗಲೂ ಸಿದ್ಧಳಿದ್ದೇನೆ. ಭೇಟಿಗೆ ಸಮಯ ಕೊಡಬೇಕೆಂದು ಕೋರುತ್ತೇನೆ."

ಇಷ್ಟೇ ಸಾಕು, ಒಂದು ಪುಟ ದಾಟಬಾರದು. ಗಿರಣಿಯ ಮಾತು ಯಾಕೆ ಬೇಕು ಎಂದು ಕೇಳಬಹುದು. ಒಂದು ಕ್ವಿಂಟಲ್ ಭತ್ತ ಗಿರಣಿಗೆ ಹೋದರೆ ಅಕ್ಕಿ, ನುಚ್ಚು, ತೌಡು, ಹೊಟ್ಟು ಎಲ್ಲ ಸೇರಿ ಅದರ ತೂಕಕ್ಕೆ ಹೆಚ್ಚುಕಡಿಮೆ ಹೊಂದಬೇಕು. ಹೊಂದದಿದ್ದರೆ ಎಲ್ಲೋ ಮಾರಾಟ ಪುಸ್ತಕಕ್ಕೆ ಬಂದಿಲ್ಲ, ಅಥವಾ ಸ್ಟಾಕ್ ತಪ್ಪಾಗಿದೆ. ಗಂಗಾವತಿ, ಕಾರಟಗಿ ಭಾಗದ ಗಿರಣಿಗಳ ಲೆಕ್ಕ ನೋಡುವ ಆಡಿಟರ್‌ಗೆ ಈ ಕೆಲಸ ತಿಳಿದವರು ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತಾರೆ. ನೀವು ಕಿರಾಣಿ ಅಂಗಡಿಯ ಜಿ.ಎಸ್.ಟಿ. ಬಿಲ್ ನೋಡಿಕೊಂಡಿದ್ದರೆ ಅದನ್ನೇ ಬರೆಯಿರಿ. ಅನುಭವ ಇಲ್ಲದಿದ್ದರೆ ಆ ಸಾಲನ್ನೇ ಬಿಡಿ. ಇಲ್ಲದ್ದನ್ನು ಬರೆದರೆ ಭೇಟಿಯಲ್ಲಿ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ.

ಒಂದೇ ಗ್ರೂಪ್ ಪಾಸಾದವರು ಏನು ಮಾಡಬೇಕು? ಅವರು ಆರ್ಟಿಕಲ್‌ಶಿಪ್ ಬದಲು ಸಂಬಳದ ಸಹಾಯಕರಾಗಿ ಸೇರಿಸಿಕೊಳ್ಳಲು ಕೇಳಬಹುದು. "ಗ್ರೂಪ್ 1 ಪಾಸಾಗಿದೆ. ಗ್ರೂಪ್ 2ನ್ನು ಬರುವ ಮೇನಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಅಕೌಂಟ್ಸ್ ಸಹಾಯಕನಾಗಿ ಕೆಲಸ ಮಾಡಲು ಇಚ್ಛಿಸುತ್ತೇನೆ" ಎಂದು ನೇರವಾಗಿ ಬರೆಯಿರಿ. ಈ ತಿಂಗಳುಗಳು ಆರ್ಟಿಕಲ್‌ಶಿಪ್ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನೆನಪಿರಲಿ. "ಈಗಲೇ ಬಾ, ಆಮೇಲೆ ಹಿಂದಿನ ತಾರೀಖು ಹಾಕೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಂಥ ತರಬೇತಿ ರದ್ದಾದರೆ ನಷ್ಟ ನಿಮಗೇ.

ಖರ್ಚಿನ ವಿಷಯ. ಐಸಿಐಟಿಎಸ್‌ಎಸ್‌ನ ಎರಡೂ ಭಾಗಕ್ಕೆ ಸುಮಾರು 13,500 ರೂಪಾಯಿ ಶುಲ್ಕ ಆಗುತ್ತದೆ. ಸೇರಿದ ಮೇಲೆ ಸಂಸ್ಥೆಯೇ ನಿಮಗೆ ತಿಂಗಳಿಗಿಷ್ಟು ಸ್ಟೈಪೆಂಡ್, ಅಂದರೆ ಕಲಿಕೆ ಭತ್ಯೆ, ಕೊಡಬೇಕು. ಅದರ ಕನಿಷ್ಠ ಮೊತ್ತ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ: 20 ಲಕ್ಷ ಮೀರಿದ ನಗರಕ್ಕೆ ಒಂದು, 4ರಿಂದ 20 ಲಕ್ಷಕ್ಕೆ ಒಂದು, 4 ಲಕ್ಷಕ್ಕಿಂತ ಕಡಿಮೆ ಇದ್ದರೆ ಇನ್ನೊಂದು. ಹೀಗಾಗಿ ಬೆಂಗಳೂರಿನಲ್ಲಿ ಹೆಚ್ಚು, ಹುಬ್ಬಳ್ಳಿಯಲ್ಲಿ ಅದಕ್ಕಿಂತ ಕಡಿಮೆ, ಕೊಪ್ಪಳದಲ್ಲಿ ಇನ್ನೂ ಕಡಿಮೆ. ಆದರೆ ಬೆಂಗಳೂರಿನ ಕನಿಷ್ಠ ಸ್ಟೈಪೆಂಡ್ ಅಲ್ಲಿನ ರೂಮಿನ ಬಾಡಿಗೆಗೇ ಹೋಗಿಬಿಡುತ್ತದೆ. ಮನೆಯಿಂದ ಓಡಾಡುವವರಿಗೆ ಕೊಪ್ಪಳ ಅಥವಾ ಹೊಸಪೇಟೆಯೇ ಕೈಗೆ ಹತ್ತಬಹುದು. ಗಿಣಿಗೇರಾ ಹುಬ್ಬಳ್ಳಿ–ಬಳ್ಳಾರಿ ರೈಲು ಮಾರ್ಗದಲ್ಲೇ ಇರುವುದರಿಂದ ಎರಡೂ ಕಡೆಗೆ ದಾರಿ ಇದೆ. ಹೆಚ್ಚಿನ ಸಂಸ್ಥೆಗಳು ಕನಿಷ್ಠಕ್ಕಿಂತ ಜಾಸ್ತಿ ಕೊಡಲೂಬಹುದು. ಅದನ್ನು ಪತ್ರದಲ್ಲಿ ಕೇಳಬೇಡಿ, ಭೇಟಿಯಲ್ಲಿ ಕೇಳಿ.

ಸೇರಿಸಿಕೊಳ್ಳಲು ಡೆಪಾಸಿಟ್ ಅಥವಾ ಸಾಲದ ಹೆಸರಿನಲ್ಲಿ ಯಾರೂ ನಿಮ್ಮಿಂದ ಹಣ ಪಡೆಯುವಂತಿಲ್ಲ. ನಿಯಮವೇ ಅದನ್ನು ತಡೆಯುತ್ತದೆ.

ಸಂಸ್ಥೆಗಳು ಎಲ್ಲಿ ಸಿಗುತ್ತವೆ? ಐಸಿಎಐಗೆ ಬಳ್ಳಾರಿಯಲ್ಲೂ ಹುಬ್ಬಳ್ಳಿಯಲ್ಲೂ ಶಾಖೆ ಇದೆ. ಸುತ್ತಲಿನ ಊರುಗಳಲ್ಲಿ ಪ್ರಾಕ್ಟೀಸ್ ಮಾಡುವ ಸಿ.ಎ.ಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಒಬ್ಬ ಪ್ರಿನ್ಸಿಪಾಲ್ ಎಷ್ಟು ಜನ ಆರ್ಟಿಕಲ್‌ಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಹಾಗಾಗಿ ಪತ್ರ ಕಳಿಸುವ ಮೊದಲು ಫೋನ್ ಮಾಡಿ "ಈಗ ಜಾಗ ಇದೆಯೇ ಸಾರ್?" ಎಂದು ಕೇಳುವುದು ಒಳ್ಳೆಯದು. ಇಂಟರ್ ಪರೀಕ್ಷೆ ಜನವರಿ, ಮೇ, ಸೆಪ್ಟೆಂಬರಿನಲ್ಲಿ ನಡೆಯುತ್ತದೆ, ಫಲಿತಾಂಶ ಸುಮಾರು ಎರಡು ತಿಂಗಳಿಗೆ ಬರುತ್ತದೆ. ಫಲಿತಾಂಶದ ವಾರದಲ್ಲೇ ಎಲ್ಲರೂ ಪತ್ರ ಕಳಿಸುತ್ತಾರೆ. ಅಂಕಪಟ್ಟಿ ಕೈಗೆ ಬಂದ ಕೂಡಲೇ ಕಳಿಸಲು ಆಗುವಂತೆ ಪತ್ರ ಮೊದಲೇ ಸಿದ್ಧವಿರಲಿ. ಒಂದು ವಾರ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ ಕೇಳಿ.

ಎಂ.ಕಾಂ.ನಂಥ ಬೇರೆ ಕೋರ್ಸು ಜೊತೆಗೇ ನಡೆಯುತ್ತಿದ್ದರೆ ಪತ್ರದಲ್ಲಿ ತಿಳಿಸಿ. ಅದಕ್ಕೆ ಫಾರಂ 112ರಲ್ಲಿ ಪ್ರತ್ಯೇಕ ಅನುಮತಿ ಬೇಕು, ಮುಚ್ಚಿಟ್ಟರೆ ಮುಂದೆ ತರಬೇತಿಗೇ ತೊಂದರೆ.

ಸೇರಿದ ಮೇಲಿನ ಮುಖ್ಯ ಕೆಲಸ ನೋಂದಣಿ. ತರಬೇತಿ ಶುರುವಾದ 30 ದಿನದೊಳಗೆ ಫಾರಂ 103 ಐಸಿಎಐಗೆ ಸಲ್ಲಿಕೆಯಾಗಬೇಕು. ನೀವು ತುಂಬಿದ್ದನ್ನು ಪ್ರಿನ್ಸಿಪಾಲ್ ಆನ್‌ಲೈನ್‌ನಲ್ಲಿ ಒಪ್ಪಬೇಕು. ಕಚೇರಿಯಲ್ಲಿ ಕೆಲಸದ ಒತ್ತಡ ಇದ್ದರೆ, ಅದರಲ್ಲೂ ಟ್ಯಾಕ್ಸ್ ಆಡಿಟ್‌ನ ಸೆಪ್ಟೆಂಬರಿನಲ್ಲಿ, ಅದು ಹಿಂದೆ ಬೀಳುತ್ತದೆ. ಮೂರನೇ ವಾರಕ್ಕೆ ನೀವೇ ಲಾಗಿನ್ ಆಗಿ ನೋಡಿ. ಒಪ್ಪಿಗೆ ಬಿದ್ದಿಲ್ಲವಾದರೆ ಸಾರ್ ಹತ್ತಿರ ಹೋಗಿ ನೆನಪಿಸಿ. ಫೈನಲ್ ಬರೆಯುವ ದಿನ ಎಣಿಕೆಯಾಗುವುದು ಹೀಗೆ ನೋಂದಣಿಯಾದ ತರಬೇತಿಯ ತಾರೀಖಿನಿಂದಲೇ.