ಒಂದು ‘ಅಲ್ಲಿ’ಗೆ ಇಂಗ್ಲಿಷಿನ ಮೂರು ನೋಟ

ಗೋಡೆಯಲ್ಲಿ ಬಿರುಕು ಬಿಟ್ಟಿದೆ. ಅದೇ ಗೋಡೆಯಲ್ಲಿ ಗಡಿಯಾರವೂ ಇದೆ. ಕನ್ನಡಕ್ಕೆ ಎರಡು ಕಡೆಯೂ ‘ಅಲ್ಲಿ’ ಸಾಕು. ಇಂಗ್ಲಿಷಿನಲ್ಲಿ ಮಾತ್ರ ಬಿರುಕು ‘ಇನ್ ದ ವಾಲ್’, ಗಡಿಯಾರ ‘ಆನ್ ದ ವಾಲ್’. ಮರದ್ದೂ ಇದೇ ಕಥೆ. ಮರದಲ್ಲಿರುವ ಮಾವಿನಕಾಯಿಗೆ ‘ಆನ್’, ಮರದಲ್ಲಿ ಕೂತ ಗಿಳಿಗೆ ‘ಇನ್’. ಕಾಯಿ ಕೊಂಬೆಗೆ ಅಂಟಿಕೊಂಡಿದೆ, ಗಿಳಿ ಕೊಂಬೆ ಎಲೆಗಳ ನಡುವೆ ಇದೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ.

ಶಾಲೆಯಲ್ಲಿ ವಿಭಕ್ತಿ ಕಲಿಸುವಾಗ ‘ಅಲ್ಲಿ’ ಎಂದರೆ ‘ಇನ್’, ‘ಇಂದ’ ಎಂದರೆ ‘ಫ್ರಮ್’, ‘ಗೆ’ ಎಂದರೆ ‘ಟು’ ಎಂದು ಜೋಡಿ ಮಾಡಿ ಬಾಯಿಪಾಠ ಮಾಡಿಸುವುದುಂಟು. ತೊಡಕು ಹುಟ್ಟುವುದೇ ಅಲ್ಲಿ. ಸಪ್ತಮೀ ವಿಭಕ್ತಿ ಒಂದು ವಸ್ತು ಇರುವ ಜಾಗವನ್ನಷ್ಟೇ ಹೇಳುತ್ತದೆ. ಆ ಜಾಗವನ್ನು ಮಾತಾಡುವವರು ಹೇಗೆ ನೋಡುತ್ತಿದ್ದಾರೆ ಎಂಬುದನ್ನೂ ಇಂಗ್ಲಿಷ್ ಕೇಳುತ್ತದೆ. ಸುತ್ತ ಎಲ್ಲೆಯಿದ್ದು ಒಳಗೆ ಇರುವಂತೆ ಕಂಡರೆ ‘ಇನ್’. ಮೇಲ್ಮೈಯಾಗಿಯೋ ಉದ್ದದ ಗೆರೆಯಾಗಿಯೋ ಕಂಡರೆ ‘ಆನ್’. ಒಳಗು ಹೊರಗಿನ ಗೊಡವೆಯಿಲ್ಲದೆ ಬರೀ ಒಂದು ಬಿಂದುವಾಗಿ ಕಂಡರೆ ‘ಅಟ್’. ವಿಳಾಸ ಹೇಳುವಾಗ ಮೂರೂ ಸಾಲಾಗಿ ಬರುತ್ತವೆ: ಬೆಂಗಳೂರಿನಲ್ಲಿ ‘ಇನ್’, ಎಂ.ಜಿ. ರಸ್ತೆಯಲ್ಲಿ ‘ಆನ್’, 25ನೇ ನಂಬರಿನಲ್ಲಿ ‘ಅಟ್’.

ಹಾಗಾದರೆ ಊರಿಗೆಲ್ಲ ‘ಇನ್’ ಎಂದು ಗಟ್ಟಿ ಮಾಡಿಕೊಳ್ಳಬಹುದೆ? ಆಗದು. ಅರಸೀಕೆರೆಯ ನಿವಾಸಿ ‘ಐ ಲಿವ್ ಇನ್ ಅರಸೀಕೆರೆ’ ಎನ್ನುತ್ತಾರೆ. ಹುಬ್ಬಳ್ಳಿಗೆ ಹೊರಟ ಪ್ರಯಾಣಿಕರಿಗೆ ಅದೇ ಊರು ದಾರಿಯಲ್ಲಿ ಸಿಗುವ ಒಂದು ನಿಲ್ದಾಣ, ಅಷ್ಟೆ. ಹಾಗಾಗಿ ಅವರ ಬಾಯಲ್ಲಿ ‘ದ ಟ್ರೇನ್ ಸ್ಟಾಪ್ಸ್ ಅಟ್ ಅರಸೀಕೆರೆ’. ಊರು ಬದಲಾಗಿಲ್ಲ, ನೋಡುವ ನೋಟ ಬದಲಾಗಿದೆ.

ಈ ನೋಟ ತಪ್ಪಿದರೆ ಅರ್ಥವೇ ಕೆಡುವುದೂ ಉಂಟು. ‘ಅಪ್ಪ ಆಸ್ಪತ್ರೆಯಲ್ಲಿದ್ದಾರೆ’ ಎಂಬ ಕನ್ನಡ ವಾಕ್ಯದಿಂದ ಅಪ್ಪ ದಾಖಲಾಗಿದ್ದಾರೋ ಯಾರನ್ನೋ ನೋಡಲು ಹೋಗಿದ್ದಾರೋ ತಿಳಿಯದು. ‘ಇನ್ ಹಾಸ್ಪಿಟಲ್’ ಎಂದರೆ ಕೇಳಿದವರು ಅಪ್ಪ ದಾಖಲಾಗಿದ್ದಾರೆಂದೇ ತಿಳಿಯುತ್ತಾರೆ. ಅಮೆರಿಕದವರು ನಡುವೆ ‘ದ’ ಸೇರಿಸಿದರೂ ಸಾಮಾನ್ಯವಾಗಿ ಅದೇ ಅರ್ಥ. ಔಷಧಿ ತರಲೋ ನೆಂಟರನ್ನು ನೋಡಲೋ ಹೋದವರು ‘ಅಟ್ ದ ಹಾಸ್ಪಿಟಲ್’ ಎಂದರೆ ಮನೆಯವರು ಗಾಬರಿಯಾಗುವುದು ತಪ್ಪುತ್ತದೆ.

ವಾಹನಗಳ ವಿಷಯದಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಬಸ್ಸು, ರೈಲು, ವಿಮಾನ, ಹಡಗುಗಳಿಗೆ ‘ಆನ್’. ಕಾರಿಗೂ ಆಟೋಗೂ ‘ಇನ್’. ಹತ್ತಿದ ಮೇಲೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ಹಾಕಬಹುದಾದರೆ ‘ಆನ್’, ಮೈ ಬಗ್ಗಿಸಿ ಒಳಗೆ ನುಸುಳಬೇಕಾದರೆ ‘ಇನ್’ ಎಂಬುದು ಬಹುಮಟ್ಟಿಗೆ ನಂಬಬಹುದಾದ ಗುರುತು. ಸೈಕಲ್ಲು, ಬೈಕು, ಕುದುರೆಗಳ ಬೆನ್ನೇರಿ ಕೂರುವುದರಿಂದ ಅಲ್ಲಿಯೂ ‘ಆನ್’. ಆದರೆ ‘ಬಸ್ಸಿನಲ್ಲಿ ಬಂದೆ’ ಎನ್ನುವಾಗ ಹೇಳಹೊರಟದ್ದು ಕೂತ ಜಾಗವನ್ನಲ್ಲ, ಬಂದ ಬಗೆಯನ್ನು. ಆಗ ‘ಬೈ ಬಸ್’.

ಈ ಮೂರು ನೋಟ ಒಮ್ಮೆ ಕೈಗೆ ಹತ್ತಿದರೆ ‘ಇಂದ’ದ ಅರ್ಧ ಗಂಟು ತಾನಾಗಿಯೇ ಸಡಿಲವಾಗುತ್ತದೆ. ‘ಅಟ್’ ಆಗಿದ್ದ ಜಾಗದಿಂದ ಹೊರಟರೆ ‘ಫ್ರಮ್’, ‘ಇನ್’ ಆಗಿದ್ದರೆ ‘ಔಟ್ ಆಫ್’, ‘ಆನ್’ ಆಗಿದ್ದರೆ ಎರಡು ‘ಎಫ್’ ಇರುವ ‘ಆಫ್’. ‘ಬಸ್ಸಿನಿಂದ ಇಳಿದೆ’ ಎಂಬುದು ‘ಐ ಗಾಟ್ ಆಫ್ ದ ಬಸ್’ ಆಗುವುದೂ, ‘ಕಾರಿನಿಂದ ಇಳಿದೆ’ ಎಂಬುದು ‘ಐ ಗಾಟ್ ಔಟ್ ಆಫ್ ದ ಕಾರ್’ ಆಗುವುದೂ ಈ ಲೆಕ್ಕದಲ್ಲಿಯೇ. ಇಳಿಯುವ ಪದ ಯಾವುದೆಂದು ಅನುಮಾನ ಬಂದಾಗ, ಒಳಗಿದ್ದಾಗ ಏನು ಹೇಳುತ್ತಿದ್ದೆವು ಎಂದು ನೆನೆದರೆ ಉತ್ತರ ಸಿಗುತ್ತದೆ.

ಉಳಿದರ್ಧ ಗಂಟಿನ ಬೇರು ಕನ್ನಡದೊಳಗೇ ಇದೆ. ವ್ಯಾಕರಣದ ಪಟ್ಟಿಯಲ್ಲಿ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬೇರೆ ಬೇರೆ ಕೊಟ್ಟಿದ್ದರೂ ಆಡುಮಾತಿನಲ್ಲಿ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎನ್ನುವವರಿಲ್ಲ. ಸಾಧನ, ಕಾರಣ, ಹೊರಟ ಜಾಗ, ಕಾಲ ಎಲ್ಲವನ್ನೂ ‘ಇಂದ’ ಒಂದೇ ಹೊರುತ್ತದೆ. ಚಾಕುವಿನಿಂದ ಕತ್ತರಿಸಿದರೆ ‘ವಿತ್’, ಮಳೆಯಿಂದ ತಡವಾದರೆ ‘ಬಿಕಾಸ್ ಆಫ್’, ಧಾರವಾಡದಿಂದ ಬಂದರೆ ‘ಫ್ರಮ್’.

ಕಾಲದ ‘ಇಂದ’ ಎಲ್ಲಿ ಎಡವಿಸುತ್ತದೆ ಎಂಬುದಕ್ಕೆ ರಜೆಯ ಅರ್ಜಿಯೇ ಒಳ್ಳೆಯ ಉದಾಹರಣೆ. ‘ಮೂರು ದಿನದಿಂದ ಜ್ವರದಿಂದ ಬಳಲುತ್ತಿದ್ದೇನೆ’ ಎಂಬುದು ನಮ್ಮ ಕಚೇರಿಗಳಲ್ಲಿ ಬಹಳ ಸಲ ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್’ ಎಂದಾಗುತ್ತದೆ. ಇದರಲ್ಲಿ ‘ಜ್ವರದಿಂದ’ ಸರಿಯಾಗಿಯೇ ಇದೆ, ‘ಸಫರ್’ ಎಂಬ ಕ್ರಿಯಾಪದ ಬಯಸುವುದು ‘ಫ್ರಮ್’ಅನ್ನೇ. ಎಡವಿದ್ದು ‘ಮೂರು ದಿನದಿಂದ’ ಎಂಬಲ್ಲಿ. ‘ಸಿನ್ಸ್’ ಮುಂದೆ ಬರಬೇಕಾದದ್ದು ಕಾಲದ ಒಂದು ಗುರುತು: ಸೋಮವಾರ, ಬೆಳಿಗ್ಗೆ, 2019. ಅಳತೆ ಬಂದರೆ ‘ಫಾರ್’. ಇದನ್ನು ಪರೀಕ್ಷಿಸಲು ಕನ್ನಡದಲ್ಲೇ ಎರಡು ಪ್ರಶ್ನೆಗಳಿವೆ. ‘ಯಾವತ್ತಿನಿಂದ?’ ಎಂಬುದಕ್ಕೆ ಉತ್ತರವಾದರೆ ‘ಸಿನ್ಸ್’, ‘ಎಷ್ಟು ದಿನದಿಂದ?’ ಎಂಬುದಕ್ಕೆ ಉತ್ತರವಾದರೆ ‘ಫಾರ್’. ಕ್ರಿಯಾಪದವೂ ಜೊತೆಗೆ ಬದಲಾಗಬೇಕು, ಏಕೆಂದರೆ ಹಿಂದೆ ಶುರುವಾಗಿ ಇಂದಿಗೂ ಮುಂದುವರಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ರೂಪವಿದೆ. ತಿದ್ದಿದ ವಾಕ್ಯ: ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ತ್ರೀ ಡೇಸ್’. ಅದೇ ಅರ್ಜಿಯಲ್ಲಿ ‘ನಾಳೆಯಿಂದ ಶುಕ್ರವಾರದವರೆಗೆ ರಜೆ ಬೇಕು’ ಎಂದಿದ್ದರೆ ‘ಸಿನ್ಸ್’ ಹೊಂದುವುದಿಲ್ಲ. ಅದು ಮುಂದಿನ ಮಾತಾದ್ದರಿಂದ ‘ಫ್ರಮ್’.

‘ಗೆ’ ಪ್ರತ್ಯಯದ ಕಾಟ ಇನ್ನೊಂದು ಬಗೆಯದು. ಕೆಲವೆಡೆ ಇಂಗ್ಲಿಷಿಗೆ ಅದರ ಜಾಗದಲ್ಲಿ ಏನೂ ಬೇಡ. ‘ಮೈಸೂರಿಗೆ ತಲುಪಿದೆವು’ ಎಂಬುದು ‘ವಿ ರೀಚ್ಡ್ ಮೈಸೂರು’, ‘ಮನೆಗೆ ಹೋಗು’ ಎಂಬುದು ‘ಗೋ ಹೋಮ್’. ಎರಡರಲ್ಲೂ ‘ಟು’ ಇಲ್ಲ. ‘ರೀಚ್’ ಬಿಟ್ಟು ‘ಅರೈವ್’ ಬಳಸಿದರೆ ಊರಿಗೆ ‘ಇನ್’, ಸ್ಟೇಷನ್ನಿಗೆ ‘ಅಟ್’ ಬರುತ್ತದೆ. ಕನ್ನಡಕ್ಕೆ ಅದು ಸಾಗುವ ಕೆಲಸ, ಇಂಗ್ಲಿಷಿಗೆ ಅಲ್ಲಿ ಬಂದು ನಿಂತ ಸ್ಥಿತಿ.

ನೋಟದ ಲೆಕ್ಕ ಎಲ್ಲ ಕಡೆಯೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಗಣಿತದಲ್ಲಿ ಜಾಣರಾದವರು ‘ಗುಡ್ ಅಟ್ ಮ್ಯಾಥ್ಸ್’, ಗಣಿತದಲ್ಲಿ ಆಸಕ್ತಿಯಿದ್ದವರು ‘ಇಂಟರೆಸ್ಟೆಡ್ ಇನ್ ಮ್ಯಾಥ್ಸ್’. ಇಲ್ಲಿ ಬಿಂದು, ಎಲ್ಲೆ ಎಂದು ತರ್ಕ ಮಾಡಿ ಫಲವಿಲ್ಲ. ಆ ಗುಣವಾಚಕದ ಜೊತೆಗೇ ಅದರ ಪ್ರಿಪೊಸಿಷನ್ನನ್ನೂ ಕಲಿಯಬೇಕು. ಇಂಥ ಜೋಡಿಗಳನ್ನು ತೋರಿಸಲೆಂದೇ ಕಲಿಯುವವರ ನಿಘಂಟುಗಳಿವೆ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ, ಸಂಗಡಿಗರ ಜೊತೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. ಮುಂದೆ ಆಕ್ಸ್‌ಫರ್ಡ್ ಪ್ರಕಟಿಸಿದ ‘ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ’ಗೆ ಮೂಲವಾದದ್ದು ಅದೇ. ಜಪಾನಿಯೂ ಕನ್ನಡದಂತೆ ಸಂಬಂಧಸೂಚಕವನ್ನು ನಾಮಪದದ ನಂತರ ಇಡುವ ಭಾಷೆ. ಅಲ್ಲಿನ ವಿದ್ಯಾರ್ಥಿಗೆ ಬೇಕಾದ ನೆರವೇ ಇಲ್ಲಿನವರಿಗೂ ಬೇಕಾಗಿದೆ. ಅಂಥ ನಿಘಂಟಿನಲ್ಲಿ ‘ಡಿಪೆಂಡ್’ ತೆರೆದರೆ ಅರ್ಥದ ಜೊತೆಗೇ ‘ಆನ್’ ಕೂಡ ಕಾಣುತ್ತದೆ, ‘ಅಫ್ರೇಡ್’ ತೆರೆದರೆ ಹಾವಿಗೆ ಹೆದರುವ ನಮ್ಮ ‘ಗೆ’ಗೆ ಇಂಗ್ಲಿಷಿನಲ್ಲಿ ಒಂದೇ ‘ಎಫ್’ನ ‘ಆಫ್’ ಎಂದು ತಿಳಿಯುತ್ತದೆ.