34 ತೆಗೆದವರಿಗೂ 35 ತೆಗೆದವರಿಗೂ ಸಂಬಳ ಯಾಕೆ ಬೇರೆ?

ತುಮಕೂರು ಕಂದಾಯದ ಲೆಕ್ಕಕ್ಕೆ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದ್ದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಇದರ ಹೆಸರು ಪ್ರತ್ಯೇಕವಾಗಿ ಪಟ್ಟಿಯಲ್ಲಿ ಬರುತ್ತೆ, ಮೇಲೆ ಹೋಯ್ತಾ ಕೆಳಗೆ ಬಿತ್ತಾ ಅಂತ ಎರಡು ದಿನ ಚರ್ಚೆ ನಡೆಯುತ್ತೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಅಂಕಪಟ್ಟಿ ಕೈಗೆ ಬಂದ ಮೇಲೆ ಸಂಬಳ ಏರುತ್ತಲ್ಲ, ಅದು ಕಲಿತದ್ದಕ್ಕೋ ಅಥವಾ ಪಾಸಾದದ್ದಕ್ಕೋ?

ಅರ್ಥಶಾಸ್ತ್ರದಲ್ಲಿ ಇದಕ್ಕೆ ಎರಡು ಉತ್ತರ ಇವೆ. ಗ್ಯಾರಿ ಬೆಕರ್ 1964ರ ತಮ್ಮ ಪುಸ್ತಕದಲ್ಲಿ ಬೆಳೆಸಿದ್ದು ಮಾನವ ಬಂಡವಾಳದ ವಾದ. ಓದು ಅಂದ್ರೆ ಬೋರ್‌ವೆಲ್ ಕೊರೆಸಿದ ಹಾಗೆ ಒಂದು ಹೂಡಿಕೆ. ಕಲಿತವರು ಗಂಟೆಗೆ ಹೆಚ್ಚು ಕೆಲಸ ಮಾಡ್ತಾರೆ, ಅದಕ್ಕೆ ಹೆಚ್ಚು ಸಂಬಳ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಇದಕ್ಕೆ ತಕರಾರು ತೆಗೆದರು. ಶಾಲೆ ಏನನ್ನೂ ಕಲಿಸದೇ ಇದ್ದರೂ ಪ್ರಮಾಣಪತ್ರ ಸಂಬಳ ಏರಿಸಬಲ್ಲದು ಅಂತ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಹಂಚಿಕೆಯಾಯ್ತು.

ಸ್ಪೆನ್ಸ್ ಲೆಕ್ಕವನ್ನ ನಮ್ಮ ಕಡೆಗೆ ಎಳೆದು ನೋಡೋಣ. ಅಂಕಿಗಳು ನನ್ನ ಊಹೆ. ಒಬ್ಬ ಮಾಲೀಕರಿಗೆ ಚುರುಕಿನ ಕೆಲಸಗಾರರು ಸಿಕ್ಕರೆ ತಿಂಗಳಿಗೆ 18,000 ಕೊಡಲು ತಯಾರು, ಸಾಧಾರಣದವರಿಗೆ 12,000. ಆದರೆ ಬಾಗಿಲಲ್ಲಿ ನಿಂತವರಲ್ಲಿ ಯಾರು ಚುರುಕು ಅಂತ ಗೊತ್ತಾಗಲ್ಲ. ‘ಡಿಗ್ರಿ ಇದ್ರೆ 18,000’ ಅಂತ ಬೋರ್ಡ್ ಹಾಕ್ತಾರೆ. ಎರಡು ವರ್ಷಕ್ಕೆ ಹೆಚ್ಚು ಸಿಗೋದು 1,44,000. ಚುರುಕಿನವರು ಒಂದೇ ಸಲಕ್ಕೆ ಪಾಸಾಗ್ತಾರೆ, ಫೀಸು, ಓಡಾಟ, ಬಿಟ್ಟ ಕೂಲಿ ಎಲ್ಲಾ ಸೇರಿ ಅವರ ಖರ್ಚು 1 ಲಕ್ಷ. ಸಾಧಾರಣದವರು ಮತ್ತೆ ಮತ್ತೆ ಕಟ್ಟಬೇಕು, ಖರ್ಚು 2 ಲಕ್ಷ. ಮೊದಲನೆಯವರಿಗೆ ಡಿಗ್ರಿ ಲಾಭ, ಎರಡನೆಯವರಿಗೆ ನಷ್ಟ. ಹಾಗಾಗಿ ಚುರುಕಿನವರಷ್ಟೇ ಡಿಗ್ರಿ ಮಾಡ್ತಾರೆ, ಮಾಲೀಕರ ಬೋರ್ಡ್ ನಿಜವಾಗುತ್ತೆ. ಇಡೀ ಕಥೆಯಲ್ಲಿ ಕಾಲೇಜು ಏನು ಕಲಿಸ್ತು ಅನ್ನೋ ಮಾತೇ ಬರಲಿಲ್ಲ, ಗಮನಿಸಿ.

ಈಗ ಒಂದೇ ಒಂದು ಅಂಕಿ ಬದಲಾಯಿಸೋಣ. ಚುರುಕಿನ ಹುಡುಗಿ ಪಾವಗಡ ತಾಲ್ಲೂಕಿನ ಆಂಧ್ರ ಗಡಿಯ ಹಳ್ಳಿಯವಳು. ಬಸ್ಸು, ಹಾಸ್ಟೆಲ್ಲು, ಮನೆಗೆ ತಪ್ಪಿದ ಕೂಲಿ ಸೇರಿ ಅವಳ ಖರ್ಚು 2 ಲಕ್ಷ. ಸಾಧಾರಣ ಹುಡುಗ ಮಧುಗಿರಿ ಪೇಟೆಯವನು, ಕಾಲೇಜಿಗೆ ನಡೆದೇ ಹೋಗ್ತಾನೆ, ಟ್ಯೂಷನ್ ಇದೆ, ಖರ್ಚು 1 ಲಕ್ಷ. ಈಗ ಡಿಗ್ರಿ ಮಾಡೋದು ಅವನು, ಬಿಡೋದು ಅವಳು. ಮಾಲೀಕರು ಮಾತ್ರ ಹಳೇ ಬೋರ್ಡ್ ನೋಡಿ ಅವನೇ ಚುರುಕು ಅಂದ್ಕೊಳ್ತಾರೆ. ಪ್ರತಿಭೆ ಇದ್ದವರಿಗೆ ಖರ್ಚು ಕಡಿಮೆ ಅನ್ನೋ ಒಂದೇ ಕಂಬದ ಮೇಲೆ ಸ್ಪೆನ್ಸ್ ಮಾದರಿ ನಿಂತಿದೆ. ಖರ್ಚನ್ನ ನಿರ್ಧರಿಸೋದು ಜಾತಿ, ಜಮೀನು, ಬಸ್ ರೂಟು ಆದಾಗ ಪ್ರಮಾಣಪತ್ರ ಅವನ್ನೇ ಅಳೆಯುತ್ತೆ. ‘ಮೆರಿಟ್’ ಅಂತ ಕೂಗೋ ಮಂದಿ ಈ ಒಂದು ಸಾಲಿನ ಲೆಕ್ಕ ಹಾಕೋದೇ ಇಲ್ಲ.

ಹಾಗಾದ್ರೆ ಯಾವ ವಾದ ನಿಜ ಅಂತ ತಿಳಿಯೋದು ಹೇಗೆ? ಪಾಸಾದವರ ಸಂಬಳವನ್ನ ಫೇಲಾದವರ ಸಂಬಳಕ್ಕೆ ಸುಮ್ಮನೆ ಹೋಲಿಸಿದ್ರೆ ಆಗಲ್ಲ, ಪಾಸಾದವರು ಕಲಿತದ್ದೂ ಹೆಚ್ಚಿರುತ್ತೆ. ಉಪಾಯ ಇರೋದು ಗೆರೆಯ ಹತ್ತಿರ. 35 ಪಾಸಿನ ಗೆರೆಯಾಗಿದ್ದ ಕಾಲದಲ್ಲಿ ಗಣಿತದಲ್ಲಿ 34 ತೆಗೆದವಳು, 35 ತೆಗೆದವಳು ಇಬ್ಬರೂ ಹತ್ತು ವರ್ಷ ಒಂದೇ ಬೆಂಚಲ್ಲಿ ಕೂತವರು. ಒಂದು ಅಂಕದಷ್ಟು ಕಲಿಕೆಗೆ ಸಂಬಳದಲ್ಲಿ ವ್ಯತ್ಯಾಸ ಬರಬಾರದು. ಗೆರೆಯಲ್ಲೇ ಸಂಬಳ ಜಿಗಿದರೆ ಆ ಜಿಗಿತ ಕಾಗದದ್ದು. ಅಮೆರಿಕದ ಟೆಕ್ಸಾಸ್‌ನಲ್ಲಿ ಡೇಮನ್ ಕ್ಲಾರ್ಕ್ ಮತ್ತು ಪ್ಯಾಕೊ ಮಾರ್ಟೊರೆಲ್ ಹೈಸ್ಕೂಲಿನ ಕೊನೇ ಅವಕಾಶದ ಪರೀಕ್ಷೆ ಬರೆದವರನ್ನ ಹೀಗೇ ಹೋಲಿಸಿ 2014ರಲ್ಲಿ ಪ್ರಕಟಿಸಿದರು. ಗೆರೆಯಲ್ಲಿ ಹೇಳಿಕೊಳ್ಳುವಂಥ ಜಿಗಿತ ಸಿಗಲಿಲ್ಲ. ಮಾನವ ಬಂಡವಾಳದ ಕಡೆಯವರಿಗೆ ಇದು ದೊಡ್ಡ ಬಲ.

ಆ ಫಲಿತಾಂಶವನ್ನ ಹಾಗೇ ಸಿರಾಕ್ಕೆ ತಂದು ನೆಡೋಕೆ ನಾನು ಒಪ್ಪಲ್ಲ. ನಮ್ಮಲ್ಲಿ ಕಾಗದ ಬರೀ ಸುಳಿವಲ್ಲ, ಅದು ಕಾನೂನಿನ ಬೀಗ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆ ನೋಡಿ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಹತ್ತನೇ ತರಗತಿ ಅಂಕದ ಮೇಲೇ ಮೆರಿಟ್ ಪಟ್ಟಿ. ನೀವು ಎಂ.ಎ. ಮಾಡಿದ್ರೂ ಅದಕ್ಕೆ ಪ್ರತ್ಯೇಕ ತೂಕ ಇಲ್ಲ. ಐಟಿಐಯಲ್ಲಿ ವೈರ್‌ಮನ್ ಟ್ರೇಡ್‌ಗೆ ಎಂಟನೇ ತರಗತಿ ಪಾಸು ಸಾಕು, ಎಲೆಕ್ಟ್ರಿಷಿಯನ್‌ಗೆ ಹತ್ತನೇದು ಬೇಕು. ಎರಡೂ ಎರಡು ವರ್ಷದ ಕೋರ್ಸು. ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನಂಥ ಕಡೆ ಕೆಲಸ ಕೇಳೋವಾಗ 34ರ ಹುಡುಗನ ಕೈಯಲ್ಲಿರೋ ಪತ್ರದ ಹೆಸರೇ ಬೇರೆ. ಇಲ್ಲೊಂದು ಸಿಕ್ಕೂ ಇದೆ: 35ರವರು ಪಾಸಾದ್ದರಿಂದಲೇ ಪಿಯುಸಿಗೆ ಹೋಗಿ ಇನ್ನಷ್ಟು ಕಲಿತಾರೆ. ಕಾಗದ ಬಾಗಿಲು ತೆರೀತು, ಒಳಗೆ ಕಲಿಕೆ ನಡೀತು. ಐದು ವರ್ಷದ ನಂತರದ ಸಂಬಳದಲ್ಲಿ ಎರಡೂ ಬೆರೆತಿರುತ್ತೆ.

ಕರ್ನಾಟಕದಲ್ಲಿ ಆ ಗೆರೆಯೇ ಅಲುಗಾಡಿದೆ ಅನ್ನೋದು ಇನ್ನೂ ಕುತೂಹಲದ ವಿಷಯ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲು ಬಿಗಿಯಾಯ್ತು, ಕೃಪಾಂಕವನ್ನ ಶೇ 20ಕ್ಕೆ ಏರಿಸಿದ ಮೇಲೂ ಬಂದದ್ದು ಶೇ 73.40. 2025ರಲ್ಲಿ ಆ ಕೃಪಾಂಕ ತೆಗೆದರು, ಮೊದಲ ಪರೀಕ್ಷೆಯಲ್ಲಿ ಶೇ 62.34. ಎರಡು ವರ್ಷದಲ್ಲಿ ಮಕ್ಕಳ ತಲೆಯಲ್ಲಿರೋ ಗಣಿತ ಇಷ್ಟು ಕರಗೋಕೆ ಸಾಧ್ಯ ಇಲ್ಲ. ಕರಗಿದ್ದು ಹಳೇ ಅಳತೆಗೋಲು. ಬೆಕರ್ ಸರಿಯಾದ್ರೆ 2024ರಲ್ಲಿ ಕೃಪಾಂಕದಿಂದ ದಾಟಿದವರ ಸಂಬಳಕ್ಕೆ ಏನೂ ಆಗಬಾರದು. ಸ್ಪೆನ್ಸ್ ಸರಿಯಾದ್ರೆ ಅವರಿಗೆ ಲಾಭ, ಆದರೆ ಆ ಬ್ಯಾಚಿನ ಉಳಿದವರ ಪಾಸಿಗೆ ಬೆಲೆ ಇಳಿಯಬೇಕು, ಯಾಕಂದ್ರೆ ಮಾಲೀಕರಿಗೆ ಯಾರು ಹೇಗೆ ದಾಟಿದ್ರು ಅಂತ ಕಾಣಲ್ಲ.

ಇದನ್ನ ಅಳೆಯೋದು ಸುಲಭ ಅಲ್ಲ. 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. ಮೇನಲ್ಲಿ 34 ತೆಗೆದವಳು ಜುಲೈ ಹೊತ್ತಿಗೆ ಪಾಸಾಗಿರಬಹುದು. ಮೊದಲ ಪರೀಕ್ಷೆಯ ಗೆರೆ ಹಿಡ್ಕೊಂಡು ಹೋಲಿಸಿದ್ರೆ ಎರಡೂ ಕಡೆ ಪಾಸಾದವರೇ ಸಿಗ್ತಾರೆ, ಜಿಗಿತ ಇದ್ದರೂ ಚಿಕ್ಕದಾಗಿ ಕಾಣುತ್ತೆ. ಟೆಕ್ಸಾಸ್‌ನವರು ಕೊನೇ ಅವಕಾಶವನ್ನೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಮೇಲಾಗಿ ನಮ್ಮ ಹುಡುಗರು ದುಡಿಯೋದು ಪೀಣ್ಯದಲ್ಲೋ ಹಿಂದೂಪುರದಲ್ಲೋ, ಊರಲ್ಲಿ ಉಳಿದವರನ್ನಷ್ಟೇ ಎಣಿಸಿದ್ರೆ ಲೆಕ್ಕ ವಾಲುತ್ತೆ.

ನನಗೆ ಅನ್ನಿಸೋದು, ಕಾಗದದ ಬೆಲೆ ಎಷ್ಟು ದಿನ ಬಾಳುತ್ತೆ ಅನ್ನೋದನ್ನ ನೋಡಬೇಕು. ಗಾರ್ಮೆಂಟ್ಸ್ ಸೂಪರ್‌ವೈಸರ್‌ಗೆ ಮೂರು ತಿಂಗಳಲ್ಲಿ ಕೈಯ ವೇಗ ಗೊತ್ತಾಗುತ್ತೆ, ಆಮೇಲೆ ಅಂಕಪಟ್ಟಿ ಯಾರೂ ಕೇಳಲ್ಲ. ಸರ್ಕಾರಿ ವೇತನ ಶ್ರೇಣಿ ಹಾಗಲ್ಲ, ಒಮ್ಮೆ ಒಳಗೆ ಹೋದ್ರೆ ಕಾಗದದ ಬೆಲೆ ನಿವೃತ್ತಿವರೆಗೂ ನಿಲ್ಲುತ್ತೆ. ಕೆಲವೆಡೆ ಬೀಗ ಬದಲಾಗಿದೆ. ಗ್ರಾಮ ಲೆಕ್ಕಿಗರ ಹುದ್ದೆಗೆ ಹಿಂದೆ ಪಿಯುಸಿ ಅಂಕವೇ ಎಲ್ಲಾ ಆಗಿತ್ತು. 2024ರ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಪರೀಕ್ಷಾ ಪ್ರಾಧಿಕಾರ ಸ್ಪರ್ಧಾತ್ಮಕ ಪರೀಕ್ಷೆ ಮಾಡ್ತು, ಪಿಯುಸಿ ಬರೀ ಅರ್ಹತೆಗೆ ಇಳೀತು. ಅಂದ್ರೆ ಸುಳಿವು ಅಂಕಪಟ್ಟಿಯಿಂದ ಕೋಚಿಂಗ್ ಸೆಂಟರ್ ಕಡೆಗೆ ಜರುಗಿತು. ಅಲ್ಲಿ ರೂಮ್ ಬಾಡಿಗೆ ಕಟ್ಟಿ ವರ್ಷಗಟ್ಟಲೆ ಕೂರೋಕೆ ಯಾರಿಗೆ ಆಗುತ್ತೆ ಅನ್ನೋ ಪ್ರಶ್ನೆ ಪಾವಗಡದ ಹುಡುಗಿಯ 2 ಲಕ್ಷದ ಪ್ರಶ್ನೆಯೇ.