ನಿಮಗಿದು ಗೊತ್ತೇ? ಆರ್ಡರ್ ಬಾಟ್ ಎಡವುವುದು ಎರಡನೇ ಮಾತಿನಲ್ಲಿ

ಊಟದ ಆರ್ಡರ್ ತೆಗೆದುಕೊಳ್ಳುವ ಬಾಟ್‌ಗೆ ನಮ್ಮ ಮಾತೆಲ್ಲ ಅರ್ಥವಾಗಬೇಕಿಲ್ಲ ಎಂಬುದು ಗೊತ್ತೇ? ಏನು, ಎಷ್ಟು, ಯಾವ ಸಾರು, ಯಾವ ಬೀದಿ, ಯಾವ ಊರು, ಎಷ್ಟು ಹೊತ್ತಿಗೆ ಎಂಬ ಆರು ಖಾನೆ ತುಂಬಿದರೆ ಅದರ ಕೆಲಸ ಮುಗಿಯಿತು. ಈ ಖಾನೆಗಳಿಗೆ ಸ್ಲಾಟ್ ಎನ್ನುತ್ತಾರೆ. ಮಾತಿನಿಂದ ಹೆಕ್ಕಿ ಅವನ್ನು ತುಂಬುವುದು ಸ್ಲಾಟ್ ಫಿಲ್ಲಿಂಗ್. ಒಂದೊಂದು ಮಾತು ಮುಗಿದಾಗಲೂ ಯಾವ ಖಾನೆಯಲ್ಲಿ ಏನಿದೆ ಎಂದು ಲೆಕ್ಕ ಇಡುವುದು ಡೈಲಾಗ್ ಸ್ಟೇಟ್ ಟ್ರ್ಯಾಕಿಂಗ್.

ಇದೇನೂ ಹೊಸ ಉಪಾಯವಲ್ಲ. 1977ರಲ್ಲೇ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದವರು ‘ಗಸ್’ ಎಂಬ ವ್ಯವಸ್ಥೆಯಲ್ಲಿ ವಿಮಾನದ ಟಿಕೆಟ್‌ಗೆ ಬೇಕಾದ ವಿವರಗಳನ್ನು ಹೀಗೇ ಕೇಳಿ ಕೇಳಿ ತುಂಬಿಸಿದ್ದರು.

ಊರಿನ ಹೆಸರೇ ಬಾಟ್‌ನ ದಾರಿ ತಪ್ಪಿಸಬಲ್ಲದು, ಗೊತ್ತೇ? ಕೊರಟಗೆರೆಯಿಂದ ಯಾರೋ ಹೀಗೆ ಹೇಳುತ್ತಾರೆ ಎಂದುಕೊಳ್ಳಿ: ‘ಎರಡು ಮುದ್ದೆ, ಉಪ್ಸಾರು, ಮಧುಗಿರಿ ರಸ್ತೆಗೆ ಕಳ್ಸಿ.’ ಬಾಟ್ ‘ಮಧುಗಿರಿ’ಯನ್ನಷ್ಟೇ ಹೆಕ್ಕಿದರೆ ಊಟ ಬೇರೆ ತಾಲ್ಲೂಕಿಗೆ ಹೊರಡುತ್ತದೆ. ‘ಮಧುಗಿರಿ ರಸ್ತೆ’ ಎರಡೂ ಪದ ಸೇರಿ ಬೀದಿಯ ಖಾನೆಗೆ ಹೋಗಬೇಕು, ಊರಿನ ಖಾನೆ ಖಾಲಿಯೇ ಉಳಿಯಬೇಕು. ಆಗಲೇ ಬಾಟ್ ‘ಯಾವ ಊರು?’ ಎಂದು ಕೇಳುತ್ತದೆ. ಶಿರಾದಿಂದಲೂ ಮಧುಗಿರಿಗೆ ರಸ್ತೆ ಇರುವುದರಿಂದ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ಇನ್ನು ‘ರಸ್ತೆಗೆ’ ಎಂಬುದರ ಕೊನೆಯ ‘ಗೆ’ಯನ್ನು ಕಳಚಿಯೇ ಖಾನೆಗೆ ಹಾಕಬೇಕು. ಇಲ್ಲದಿದ್ದರೆ ವಿಳಾಸದ ಪಟ್ಟಿಯಲ್ಲಿ ಅದು ಸಿಗುವುದಿಲ್ಲ.

ನಿಜವಾದ ಕಷ್ಟ ಇರುವುದು ಮುಂದಿನ ಮಾತುಗಳಲ್ಲಿ. ಅದೇ ಗಿರಾಕಿ ‘ಮೂರು ಮಾಡಿ’ ಎಂದರೆ ಎರಡನ್ನು ಅಳಿಸಿ ಮೂರು ಬರೆಯಬೇಕು. ‘ಇನ್ನೂ ಮೂರು ಹಾಕಿ’ ಎಂದರೆ ಕೂಡಿಸಿ ಐದು ಮಾಡಬೇಕು. ಬಾಟ್ ‘ಎಷ್ಟು ಹೊತ್ತಿಗೆ ಬೇಕು?’ ಎಂದು ಕೇಳಿದ ಮೇಲೆ ಬರೀ ‘ಮೂರು’ ಎಂದರೆ ಮುದ್ದೆಯ ಲೆಕ್ಕವನ್ನು ಮುಟ್ಟಲೇಬಾರದು, ಅದು ಗಂಟೆ. ಸಂಖ್ಯೆ ಮೂರೂ ಕಡೆ ಒಂದೇ. ಹಾಗಾಗಿ ಬಾಟ್ ಗಿರಾಕಿಯ ಮಾತಿನ ಜೊತೆಗೆ ತಾನು ಕೊನೆಗೆ ಏನು ಕೇಳಿದೆ ಎಂಬುದನ್ನೂ ನೆನಪಿಡಬೇಕು. ‘ಮೂರು ಮಾಡಿ, ಊರು ಕೊರಟಗೆರೆ’ ಎಂದಾದ ಮೇಲೆ ಲೆಕ್ಕ ಹೀಗಿರಬೇಕು:

```
item=ragi_mudde   qty=3
saaru=uppusaru    street=madhugiri_road
town=koratagere   time=none
```

ಕೊನೆಯ ಆ `none` ನೋಡಿ. ‘ಇನ್ನೂ ಹೇಳಿಲ್ಲ’ ಬೇರೆ, ‘ಯಾವುದಾದ್ರೂ ಸರಿ’ ಬೇರೆ. 2014ರಲ್ಲಿ ಕೇಂಬ್ರಿಡ್ಜ್ ಊರಿನ ಹೋಟೆಲ್‌ಗಳ ಬಗ್ಗೆ ವಿಚಾರಿಸುವ ಸಂಭಾಷಣೆಗಳನ್ನಿಟ್ಟು ಸಂಶೋಧಕರಿಗೆ ಒಂದು ಸ್ಪರ್ಧೆ ನಡೆಯಿತು. ಅದರಲ್ಲಿ ಎರಡನೆಯದಕ್ಕೆಂದೇ `dontcare` ಎಂಬ ಮೌಲ್ಯ ಇತ್ತು. ಎರಡನ್ನೂ ಒಂದೇ ಎಂದುಕೊಂಡ ಬಾಟ್‌ನ ಗುರುತು ಸುಲಭ: ‘ಯಾವ್ ಸಾರಾದ್ರೂ ಸರಿ’ ಎಂದ ಮೇಲೂ ‘ಯಾವ ಸಾರು ಬೇಕು?’ ಎಂದು ಮತ್ತೆ ಕೇಳುತ್ತದೆ.

ನೂರಕ್ಕೆ 95 ಸರಿ ಎಂದರೆ ಒಳ್ಳೆಯ ಬಾಟ್ ಅನ್ನಿಸುತ್ತದೆ ಅಲ್ಲವೇ? ಒಂದೊಂದು ಖಾನೆಯೂ ಅಷ್ಟು ಸರಿಯಿದ್ದು, ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಆಗುತ್ತವೆ ಎಂದಿಟ್ಟುಕೊಂಡರೆ, ಆರೂ ಖಾನೆ ಒಟ್ಟಿಗೆ ಸರಿಯಾಗುವುದು ನೂರಕ್ಕೆ ಸುಮಾರು 74 ಸಲ ಮಾತ್ರ. ಉಳಿದ ಕಡೆ ಯಾರದೋ ಊಟ ತಪ್ಪುತ್ತದೆ. ಅದಕ್ಕೇ ಈ ಕ್ಷೇತ್ರದವರು ಎಲ್ಲ ಖಾನೆಯೂ ಸರಿಯಿದ್ದರೆ ಮಾತ್ರ ಅಂಕ ಕೊಡುವ ‘ಜಾಯಿಂಟ್ ಗೋಲ್ ಅಕ್ಯುರಸಿ’ಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಬಾಟ್ ಮಾರಲು ಬಂದವರನ್ನು ಹೋಟೆಲಿನವರು ಕೇಳಬೇಕಾದದ್ದೂ ಇದೇ ಲೆಕ್ಕವನ್ನು.

ಪಾವಗಡದಲ್ಲಿ ‘ರೆಂಡು ಪ್ಲೇಟ್ ಹಾಕಿ’ ಎಂದೂ ಆರ್ಡರ್ ಬಂದೀತು. ಅಲ್ಲಿ ಕನ್ನಡದ ಜೊತೆ ತೆಲುಗೂ ಮನೆಮಾತು. ಅಲ್ಲಿಗೆ ಕಟ್ಟುವ ಬಾಟ್‌ಗೆ ತೆಲುಗಿನ ಎಣಿಕೆಯನ್ನೂ ಕಲಿಸದಿದ್ದರೆ ಎಷ್ಟು ಎಂಬ ಖಾನೆ ಖಾಲಿ ಉಳಿಯುತ್ತದೆ.

ಬಾಟ್‌ಗೆ ಕಲಿಸಲು ಬೇಕಾದ ಸರಕು ಕನ್ನಡದಲ್ಲೂ ಇದೆ. ಅಮೆಜಾನ್ 2022ರಲ್ಲಿ ಬಿಡುಗಡೆ ಮಾಡಿದ ‘ಮ್ಯಾಸಿವ್’ ಎಂಬ ದತ್ತಾಂಶದ 51 ಭಾಷೆಗಳಲ್ಲಿ ಕನ್ನಡವೂ ಒಂದು. ಊಟ ತರಿಸುವ ಮಾತುಗಳು ಅದರಲ್ಲಿವೆ, 55 ಬಗೆಯ ಸ್ಲಾಟ್‌ಗಳನ್ನು ಗುರುತಿಸಲಾಗಿದೆ. ಆದರೆ ಅಲ್ಲಿರುವುದೆಲ್ಲ ಬಿಡಿ ವಾಕ್ಯಗಳು. ಹೇಳಿದ್ದನ್ನು ಮುಂದಿನ ಮಾತಿನಲ್ಲಿ ತಿದ್ದುವ ಸಂಭಾಷಣೆ ಅದರಲ್ಲಿಲ್ಲ. ಅದರಿಂದ ಖಾನೆ ತುಂಬುವುದನ್ನು ಕಲಿಸಬಹುದು, ಲೆಕ್ಕ ಇಡುವುದನ್ನಲ್ಲ. ಆ ಕೊರತೆಯನ್ನು ನೀಗಿಸಲು ಮಧುಗಿರಿ, ಶಿರಾದ ಹೋಟೆಲ್‌ಗಳಲ್ಲಿ ಗಿರಾಕಿಗಳು ಆಡುವಂಥ ಮಾತನ್ನೇ, ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ಫೋನ್ ನಂಬರ್ ತೆಗೆದು ಬರೆದಿಡಬೇಕು.

ಮುಂದಿನ ಸಲ ಯಾವುದಾದರೂ ಕನ್ನಡ ಬಾಟ್ ಸಿಕ್ಕರೆ ಎರಡು ಇಡ್ಲಿ ಹೇಳಿ, ವಿಳಾಸ ಕೊಟ್ಟಾದ ಮೇಲೆ ‘ಇಡ್ಲಿ ನಾಲ್ಕು ಮಾಡಿ’ ಎನ್ನಿ. ಹಣ ಕೊಡುವ ಮೊದಲು ಒಟ್ಟು ಲೆಕ್ಕ ನೋಡಿ. ಆರು ಇಡ್ಲಿ ಎಂದಿದ್ದರೆ ಅದು ಕೂಡಿಸಿದೆ, ಎರಡೇ ಇದ್ದರೆ ತಿದ್ದುಪಡಿಯನ್ನು ಕೇಳಿಸಿಕೊಂಡೇ ಇಲ್ಲ.